ಸೊನ್ನೆಯೇ ಜಾಸ್ತಿ ಇರುವ ಐಟಂಗೆ ಯಾವ ಅಳತೆ? ಮೇಪ್, ಬಯಾಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪುಣೆಯ ಚಾಕಣ್ ಕಡೆ ಒಂದು ಸ್ಪೇರ್ ಪಾರ್ಟ್ಸ್ ಗೋದಾಮಿನಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಚಾಕಣ್, ಭೋಸರಿ ಸುತ್ತಮುತ್ತ ಇದೇ ಕೆಲಸ ಮಾಡುವ ಕನ್ನಡದವರು ಸಾಕಷ್ಟು ಜನ ಇದ್ದೇವೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರೇ ಜಾಸ್ತಿ. ತಿಂಗಳ ಕೊನೆಗೆ ಫೋರ್‌ಕಾಸ್ಟ್ ರಿವ್ಯೂ ಬಂದಾಗಲೆಲ್ಲ ಅವೇ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಅವನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ದಿನಾ ಓಡುವ ಐಟಂಗಳ ಬಗ್ಗೆ ಹೆಚ್ಚು ಹೇಳಿಲ್ಲ. ತಲೆನೋವು ಇರುವುದು ಯಾವಾಗಲೋ ಒಮ್ಮೆ ಕೇಳಿಬರುವ ಐಟಂಗಳಲ್ಲಿ.

ಮೇಪ್ ಅಂದ್ರೆ ಏನು? ಬಯಾಸ್ ಅಂದ್ರೆ ಏನು? ಎರಡೂ ಒಂದೇ ಅಲ್ವಾ?

ಅಲ್ಲ. ಒಂದು ಆಯಿಲ್ ಫಿಲ್ಟರ್ ಈ ತಿಂಗಳು 110 ಹೋಗುತ್ತೆ ಅಂದುಕೊಂಡಿರಿ, ಹೋಗಿದ್ದು 100. ತಪ್ಪು 10, ಅದನ್ನು ನಿಜವಾದ ಬೇಡಿಕೆ 100ರಿಂದ ಭಾಗಿಸಿದರೆ ಶೇ 10. ಪ್ರತಿ ತಿಂಗಳೂ ಹೀಗೆ ಶೇಕಡಾ ತೆಗೆದು, ಹೆಚ್ಚೋ ಕಡಿಮೆಯೋ ಎಂಬ ಚಿಹ್ನೆ ಬಿಟ್ಟು, ಸರಾಸರಿ ಹಿಡಿದರೆ ಬರುವುದು ಮೇಪ್.

ಬಯಾಸ್‌ನಲ್ಲಿ ಚಿಹ್ನೆಯನ್ನು ಬಿಡುವುದಿಲ್ಲ. ಈ ತಿಂಗಳು 10 ಜಾಸ್ತಿ, ಮುಂದಿನ ತಿಂಗಳು 10 ಕಮ್ಮಿ ಆದರೆ ಬಯಾಸ್ ಸೊನ್ನೆ. ತಿಂಗಳು ತಿಂಗಳೂ 10 ಜಾಸ್ತಿಯೇ ಆದರೆ ಮಾಲು ಗೋದಾಮಿನಲ್ಲಿ ಕೂಡುತ್ತಾ ಹೋಗುತ್ತದೆ. ಮೇಪ್ ಎರಡೂ ಸಂದರ್ಭಕ್ಕೆ ಹೆಚ್ಚುಕಮ್ಮಿ ಒಂದೇ ಅಂಕೆ ಕೊಡುತ್ತದೆ. ಗೋದಾಮಿಗೆ ಮಾತ್ರ ಎರಡೂ ಒಂದೇ ಅಲ್ಲ.

ಒಂದು ಎಚ್ಚರಿಕೆ. ಇಲ್ಲಿ ನಾನು ಫೋರ್‌ಕಾಸ್ಟ್‌ನಿಂದ ನಿಜವಾದ ಬೇಡಿಕೆ ಕಳೆಯುತ್ತೇನೆ. ಪ್ಲಸ್ ಬಂದರೆ ನಾವು ಜಾಸ್ತಿ ಅಂದಾಜು ಮಾಡಿದ್ದೇವೆ ಎಂದರ್ಥ. ಕೆಲವು ಕಂಪನಿಗಳಲ್ಲಿ ಉಲ್ಟಾ ಕಳೆಯುತ್ತಾರೆ. ಹೊಸ ಕೆಲಸಕ್ಕೆ ಸೇರಿದ ಮೊದಲ ವಾರವೇ ಇದನ್ನು ಕೇಳಿ ಇಟ್ಟುಕೊಳ್ಳಿ.

ಬಿಟ್ಟು ಬಿಟ್ಟು ಬರುವ ಬೇಡಿಕೆ ಅಂತ ಯಾವುದಕ್ಕೆ ಹೇಳ್ತಾರೆ?

ಒಂದು ಉದಾಹರಣೆ ಇಟ್ಟುಕೊಂಡು ಇಡೀ ಪುಟ ಅದರ ಮೇಲೇ ಹೋಗೋಣ. ಹೈಡ್ರಾಲಿಕ್ ಪಂಪಿನ ಒಂದು ಸೀಲ್ ಕಿಟ್. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹೋಗಿದ್ದು ಹೀಗೆ:

```
0  0  4  0  0  0  2  0  0  6  0  0
```

ಜೂನ್‌ನಲ್ಲಿ 4, ಅಕ್ಟೋಬರ್‌ನಲ್ಲಿ 2, ಜನವರಿಯಲ್ಲಿ 6. ವರ್ಷಕ್ಕೆ 12, ತಿಂಗಳ ಸರಾಸರಿ 1. ಆದರೆ ಒಂದೇ ಒಂದು ಕಿಟ್ ಹೋದ ತಿಂಗಳು ಇಡೀ ವರ್ಷದಲ್ಲಿ ಇಲ್ಲ.

ಇದಕ್ಕೆ ಎರಡು ಅಂಕೆ ನೋಡುತ್ತಾರೆ. ಮೊದಲನೆಯದು, ಸರಾಸರಿ ಎಷ್ಟು ತಿಂಗಳಿಗೊಮ್ಮೆ ಬೇಡಿಕೆ ಬರುತ್ತದೆ ಎಂಬುದು. 12 ತಿಂಗಳಲ್ಲಿ 3 ಸಲ, ಅಂದರೆ 4. ಎರಡನೆಯದು, ಬಂದಾಗ ಬರುವ ಪ್ರಮಾಣ ಎಷ್ಟು ಏರುಪೇರು ಎಂಬುದು. 4, 2, 6 ಇವುಗಳ ವೇರಿಯನ್ಸನ್ನು ಸರಾಸರಿಯ ವರ್ಗದಿಂದ ಭಾಗಿಸಿದರೆ ಸುಮಾರು 0.17. ಸಿಂಟೆಟೋಸ್, ಬಾಯ್ಲನ್, ಕ್ರಾಸ್ಟನ್ 2005ರಲ್ಲಿ ಕೊಟ್ಟ ಗೆರೆಗಳು 1.32 ಮತ್ತು 0.49. ಮೊದಲ ಅಂಕೆ 1.32ಕ್ಕಿಂತ ಜಾಸ್ತಿ, ಎರಡನೆಯದು 0.49ಕ್ಕಿಂತ ಕಮ್ಮಿ ಇದ್ದರೆ ಅದು ಬಿಟ್ಟು ಬಿಟ್ಟು ಬರುವ ಐಟಂ. ಎರಡೂ ಜಾಸ್ತಿ ಇದ್ದರೆ ಇನ್ನೂ ಕಷ್ಟದ್ದು, ಅದನ್ನು ಲಂಪಿ ಅಂತಾರೆ. ಬರೀ 3 ಸಲದ ಬೇಡಿಕೆ ಹಿಡಿದು 0.17 ಅನ್ನುವುದನ್ನು ನಾನು ಅಷ್ಟೇನೂ ನಂಬುವುದಿಲ್ಲ. ಮೊದಲ ಅಂಕೆ ಸಾಕು, ನೋಡಿದ ಕೂಡಲೇ ಗೊತ್ತಾಗುತ್ತೆ.

ಇದಕ್ಕೆ ಮೇಪ್ ಹಾಕಿದರೆ `#DIV/0!` ಬರುತ್ತೆ. ಸೊನ್ನೆ ಇರುವ ತಿಂಗಳು ಬಿಟ್ಟು ಲೆಕ್ಕ ಹಾಕಿದರೆ ಸರಿ ಹೋಗಲ್ವಾ?

ಎಲ್ಲರೂ ಮೊದಲು ಮಾಡುವುದು ಇದನ್ನೇ. ನಾನೂ ಮಾಡಿದ್ದೇನೆ. `IFERROR` ಹಾಕಿದರೆ ಕೆಂಪು ಅಕ್ಷರ ಮಾಯ, ಶೀಟ್ ಚೆಂದ ಕಾಣುತ್ತೆ. ಆಗುವ ಅನಾಹುತ ನೋಡಿ.

ಪ್ರತಿ ತಿಂಗಳೂ 1 ಅಂತ ಫೋರ್‌ಕಾಸ್ಟ್ ಕೊಟ್ಟಿದ್ದೀರಿ ಅನ್ನಿ. ವರ್ಷದ ಲೆಕ್ಕದಲ್ಲಿ ಅದು ಸರಿಯಾದ ಉತ್ತರ. ಉಳಿದ ಮೂರು ತಿಂಗಳಲ್ಲಿ ತಪ್ಪು ಶೇ 75, ಶೇ 50, ಶೇ 83. ಸರಾಸರಿ ಸುಮಾರು ಶೇ 69.

ಇನ್ನೊಬ್ಬರು ಪ್ರತಿ ತಿಂಗಳೂ 3 ಅಂತ ಕೊಟ್ಟಿದ್ದಾರೆ. ಅವರ ತಪ್ಪು ಶೇ 25, ಶೇ 50, ಶೇ 50. ಸರಾಸರಿ ಸುಮಾರು ಶೇ 42.

ರಿವ್ಯೂನಲ್ಲಿ ಶಾಭಾಸ್ ಸಿಗುವುದು 42ಕ್ಕೆ. ಆದರೆ ಅವರ ಅಂದಾಜಿನಂತೆ ಮಾಲು ತರಿಸಿದರೆ ವರ್ಷಕ್ಕೆ 36 ಕಿಟ್ ಬರುತ್ತವೆ, ಹೋಗುವುದು 12. ಸೊನ್ನೆಯ ಒಂಬತ್ತು ತಿಂಗಳನ್ನು ಅಳತೆಯಿಂದಲೇ ತೆಗೆದುಬಿಟ್ಟಿರುವುದರಿಂದ, ಆ ತಿಂಗಳುಗಳಲ್ಲಿ ಎಷ್ಟು ಹೆಚ್ಚಿಗೆ ಹೇಳಿದರೂ ದಂಡ ಇಲ್ಲ. ಸೀಲ್ ರಬ್ಬರಿನದು. ವರ್ಷಗಟ್ಟಲೆ ಶೆಲ್ಫಿನಲ್ಲಿ ಕೂತರೆ ಗಟ್ಟಿಯಾಗುತ್ತೆ, ಆಮೇಲೆ ಸ್ಕ್ರ್ಯಾಪ್.

ಸೊನ್ನೆಯ ಜಾಗದಲ್ಲಿ 1 ಅಂತ ಬರೆದು ಭಾಗಿಸುವವರೂ ಇದ್ದಾರೆ. ಆಗ ಉತ್ತರವನ್ನು ತೀರ್ಮಾನಿಸುವುದು ಆ 1, ನಿಮ್ಮ ಫೋರ್‌ಕಾಸ್ಟ್ ಅಲ್ಲ.

ಹಾಗಾದ್ರೆ ವೇಟೆಡ್ ಮೇಪ್? ಎಲ್ಲ ತಪ್ಪು ಕೂಡಿಸಿ ಒಟ್ಟು ಬೇಡಿಕೆಯಿಂದ ಭಾಗಿಸಿದರೆ ಸೊನ್ನೆಯ ಕಾಟ ಇರಲ್ಲ ತಾನೆ?

ಭಾಗಾಕಾರದ ಕಾಟ ಇರಲ್ಲ. ಆದರೆ ಅದರಲ್ಲಿ ಇನ್ನೂ ದೊಡ್ಡ ಗುಂಡಿ ಇದೆ, ನಾನೇ ಬಿದ್ದು ಎದ್ದಿದ್ದೇನೆ.

ಲೆಕ್ಕ ಮೊದಲು. ಪ್ರತಿ ತಿಂಗಳೂ 1 ಅಂದರೆ, ಸೊನ್ನೆಯ ಒಂಬತ್ತು ತಿಂಗಳಲ್ಲಿ ಒಂದೊಂದು ತಪ್ಪು, ಒಟ್ಟು 9. ಜೂನ್‌ನಲ್ಲಿ 3, ಅಕ್ಟೋಬರ್‌ನಲ್ಲಿ 1, ಜನವರಿಯಲ್ಲಿ 5. ಎಲ್ಲ ಸೇರಿ 18. ಬೇಡಿಕೆ 12. ವೇಟೆಡ್ ಮೇಪ್ ಶೇ 150. ಈಗ ಪ್ರತಿ ತಿಂಗಳೂ 0 ಅನ್ನಿ. ತಪ್ಪು 4, 2, 6, ಒಟ್ಟು 12. ವೇಟೆಡ್ ಮೇಪ್ ಶೇ 100.

ಅಂದರೆ ಏನೂ ಹೇಳದೆ ಸುಮ್ನೆ ಕೂತವನೇ ಗೆದ್ದ!

ಹಿಂದೆ ನಾನಿದ್ದ ಒಂದು ಕಡೆ ವೇಟೆಡ್ ಮೇಪ್ ಇಳಿಸಬೇಕು ಅಂತ ಗುರಿ ಕೊಟ್ಟಿದ್ದರು. ನಿಧಾನವಾಗಿ ಓಡುವ ಐಟಂಗಳ ಫೋರ್‌ಕಾಸ್ಟನ್ನು ಸೊನ್ನೆಗೆ ಹತ್ತಿರ ತಂದಷ್ಟೂ ಅಂಕೆ ಸುಧಾರಿಸುತ್ತೆ ಅಂತ ನನಗೆ ಎರಡು ತಿಂಗಳಲ್ಲೇ ಗೊತ್ತಾಯಿತು. ಮೋಸ ಮಾಡಬೇಕು ಅಂತಿರಲಿಲ್ಲ, ಶೀಟ್ ಯಾವ ಕಡೆ ತಳ್ಳಿತೋ ಆ ಕಡೆ ಹೋದೆ. ಚಾರ್ಟಿನಲ್ಲಿ ಗೆರೆ ಚೆನ್ನಾಗಿ ಇಳಿಯಿತು. ಆಮೇಲೆ ಒಂದು ಸೋಮವಾರ ಬೆಳಿಗ್ಗೆ ಸಾತಾರಾ ಕಡೆಯ ಡೀಲರ್ ಫೋನ್ ಮಾಡಿ, ಒಂದು ಕಿಟ್‌ಗೋಸ್ಕರ ಮಷಿನ್ ನಾಲ್ಕು ದಿನದಿಂದ ನಿಂತಿದೆ ಅಂತ ಮರಾಠಿಯಲ್ಲಿ ಚೆನ್ನಾಗಿ ಬೈದರು. ಪಕ್ಕದಲ್ಲಿದ್ದ ವಿಜಯಪುರದ ಗೆಳೆಯ ಸಿಸ್ಟಂ ತೆಗೆದು ನೋಡಿ, “ಏನ್ರೀ ಸರ, ಎಲ್ಲಾ ಸೊನ್ನಿನೇ ಐತಿ, ಮಾಲ್ ಎಲ್ಲಿಂದ ಬರ್ಬೇಕು?” ಅಂದ. ಉತ್ತರ ಇರಲಿಲ್ಲ.

ಹೀಗೆ ಯಾಕಾಗುತ್ತೆ? ತಪ್ಪುಗಳನ್ನು ಚಿಹ್ನೆ ಬಿಟ್ಟು ಹಾಗೇ ಕೂಡಿಸುವ ಯಾವುದೇ ಅಳತೆ ಸಾಲಿನ ನಡುವಿನ ಅಂಕೆಯನ್ನು ಇಷ್ಟಪಡುತ್ತದೆ, ಸರಾಸರಿಯನ್ನಲ್ಲ. ನಮ್ಮ ಹನ್ನೆರಡು ತಿಂಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನೋಡಿ: ಒಂಬತ್ತು ಸೊನ್ನೆ, ಆಮೇಲೆ 2, 4, 6. ನಡುವೆ ಕೂತಿರುವುದು ಸೊನ್ನೆ. ಅರ್ಧಕ್ಕಿಂತ ಜಾಸ್ತಿ ತಿಂಗಳು ಸೊನ್ನೆ ಇರುವ ಎಲ್ಲ ಐಟಂಗಳಿಗೂ ಇದೇ ಗತಿ. ದಿನಾ ಓಡುವ ಫಿಲ್ಟರ್‌ನಲ್ಲಿ ನಡುವಿನ ಅಂಕೆಯೂ ಸರಾಸರಿಯೂ ಹತ್ತಿರ ಹತ್ತಿರ ಇರುತ್ತವೆ, ಅದಕ್ಕೇ ಅಲ್ಲಿ ಈ ತೊಂದರೆ ಕಾಣಿಸುವುದಿಲ್ಲ.

ಸಿಮೆಟ್ರಿಕ್ ಮೇಪ್, ಮೇಸ್ ಅಂತೆಲ್ಲ ಇದೆಯಲ್ಲ?

ಸಿಮೆಟ್ರಿಕ್ ಮೇಪ್ ಬಿಟ್ಟುಬಿಡಿ. ಅದರಲ್ಲಿ ತಪ್ಪನ್ನು ಬೇಡಿಕೆ ಮತ್ತು ಫೋರ್‌ಕಾಸ್ಟ್ ಎರಡರ ಸರಾಸರಿಯಿಂದ ಭಾಗಿಸುತ್ತಾರೆ. ನಿಜವಾದ ಬೇಡಿಕೆ ಸೊನ್ನೆ ಇದ್ದಾಗ, ಫೋರ್‌ಕಾಸ್ಟ್ 1 ಇರಲಿ 50 ಇರಲಿ, ಅದು ಶೇ 200 ಅನ್ನುತ್ತದೆ.

ಮೇಸ್ ಒಳ್ಳೆಯ ಯೋಚನೆ. ಹೈಂಡ್‌ಮನ್ ಮತ್ತು ಕೋಹ್ಲರ್ 2006ರಲ್ಲಿ ಕೊಟ್ಟಿದ್ದು. ನಿಮ್ಮ ತಪ್ಪನ್ನು “ಕಳೆದ ತಿಂಗಳು ಹೋದಷ್ಟೇ ಈ ತಿಂಗಳೂ” ಅನ್ನುವ ಸರಳ ಅಂದಾಜಿನ ತಪ್ಪಿನಿಂದ ಭಾಗಿಸುತ್ತಾರೆ. ಸೊನ್ನೆಯಿಂದ ಭಾಗಿಸುವ ಪ್ರಸಂಗ ಬಹುತೇಕ ಬರುವುದಿಲ್ಲ, ಬೇರೆ ಬೇರೆ ಐಟಂಗಳನ್ನು ಹೋಲಿಸಬಹುದು. ಆದರೆ ಮೇಲಿರುವ ಅಂಕೆ ಇನ್ನೂ ಅದೇ, ತಪ್ಪುಗಳ ನೇರ ಸರಾಸರಿ. ನಮ್ಮ ಸೀಲ್ ಕಿಟ್‌ಗೆ ತಿಂಗಳಿಗೆ 1 ಅಂದರೆ ಮೇಸ್ 0.69, ಸೊನ್ನೆ ಅಂದರೆ 0.46. ಮತ್ತೆ ಸೊನ್ನೆಯೇ ಗೆದ್ದಿತು.

ಸರಿ, ಯಾವುದನ್ನು ಹಾಕ್ಕೊಳ್ಳೋದು ಅಂತ ಹೇಳಿ.

ಎರಡು ಹೆಜ್ಜೆ. ಮೊದಲು ಬಯಾಸ್ ನೋಡಿ, ಅದು ಕೆಟ್ಟಿದ್ದರೆ ಮುಂದೆ ಹೋಗಲೇಬೇಡಿ. ಸೀಲ್ ಕಿಟ್‌ನಲ್ಲಿ ತಿಂಗಳಿಗೆ 1 ಅಂದರೆ ವರ್ಷದ ಬಯಾಸ್ 0. ಸೊನ್ನೆ ಅಂದರೆ ಮೈನಸ್ 12, ಅಂದರೆ ಮೈನಸ್ ಶೇ 100. 3 ಅಂದರೆ ಪ್ಲಸ್ 24, ಅಂದರೆ ಪ್ಲಸ್ ಶೇ 200. ಇಷ್ಟು ಹೊತ್ತು ಗೆಲ್ಲುತ್ತಿದ್ದ ಇಬ್ಬರೂ ಇಲ್ಲೇ ಸಿಕ್ಕಿಬಿದ್ದರು.

ಎರಡನೆಯದು, ತಪ್ಪನ್ನು ವರ್ಗ ಮಾಡಿ ಅಳೆಯುವ ಅಳತೆ. ವರ್ಗ ಮಾಡಿದಾಗ ಗೆಲ್ಲುವುದು ಸರಾಸರಿ. ಪ್ಲಾನಿಂಗಿಗೆ ಬೇಕಿರುವುದೂ ಸರಾಸರಿಯೇ. ಐಟಂ ಐಟಂ ಹೋಲಿಸಲು ಅದನ್ನೂ ಮೇಸ್ ಥರವೇ ಸರಳ ಅಂದಾಜಿನ ತಪ್ಪಿನಿಂದ ಭಾಗಿಸಬೇಕು. ಇದಕ್ಕೆ ಆರ್‌ಎಂಎಸ್‌ಎಸ್‌ಇ ಅಂತಾರೆ. ವಾಲ್‌ಮಾರ್ಟ್ ಮಾರಾಟದ ಡೇಟಾ ಇಟ್ಟುಕೊಂಡು 2020ರಲ್ಲಿ ನಡೆದ ಎಂ5 ಸ್ಪರ್ಧೆಯಲ್ಲಿ ಬಳಸಿದ್ದು ಇದರದೇ ತೂಕ ಹಾಕಿದ ರೂಪ. ಅಲ್ಲೂ ಸೊನ್ನೆ ತುಂಬಿದ ಸಾಲುಗಳೇ ಬಹಳ ಇದ್ದವು.

ಬಿ ಕಾಲಂನಲ್ಲಿ ನಿಜವಾದ ಬೇಡಿಕೆ, ಸಿ ಕಾಲಂನಲ್ಲಿ ಫೋರ್‌ಕಾಸ್ಟ್ ಇದ್ದರೆ ಎಕ್ಸೆಲ್‌ನಲ್ಲಿ ಹೀಗೆ. ಮೊದಲ ಸಾಲು ಬಯಾಸ್, ಎರಡನೆಯದು ಆರ್‌ಎಂಎಸ್‌ಎಸ್‌ಇ:

```
=(SUM(C2:C13)-SUM(B2:B13))/SUM(B2:B13)
=SQRT(SUMXMY2(C2:C13,B2:B13)/12)/SQRT(SUMXMY2(B3:B13,B2:B12)/11)
```

ಸೀಲ್ ಕಿಟ್‌ಗೆ ಬರುವ ಉತ್ತರ: 1ಕ್ಕೆ 0.60, ಸೊನ್ನೆಗೆ 0.68, 3ಕ್ಕೆ 0.87. ಈಗ ಸಾಲು ಸರಿಯಾಯಿತು. ಲೆಕ್ಕ ಸುಲಭ ಆಗಲಿ ಅಂತ ಕೆಳಗಿನ ಭಾಜಕಕ್ಕೂ ಇದೇ ವರ್ಷದ ಅಂಕೆ ಹಾಕಿದ್ದೇನೆ. ಕೆಲಸದಲ್ಲಿ ಅದನ್ನು ಹಿಂದಿನ ವರ್ಷಗಳ ಡೇಟಾದಿಂದ ತೆಗೆಯಬೇಕು.

ಇದಕ್ಕೂ ಒಂದು ದೌರ್ಬಲ್ಯ ಇದೆ. ಯಾರೋ ಒಬ್ಬರು ಪ್ರಾಜೆಕ್ಟ್‌ಗೆ ಅಂತ ಒಂದೇ ಸಲ 60 ಕಿಟ್ ಒಯ್ದರೆ, ಆ ಒಂದು ತಿಂಗಳ ವರ್ಗವೇ ಇಡೀ ವರ್ಷವನ್ನು ನುಂಗುತ್ತದೆ. ಇಂಥ ಆರ್ಡರುಗಳು ಬರುತ್ತವೆ ಅಂತ ಮೊದಲೇ ಗೊತ್ತಿರುತ್ತೆ. ಅವನ್ನು ಬೇರೆ ಸಾಲಿನಲ್ಲಿ ಬರೆದಿಡಿ.

ಬಯಾಸ್ ತಿಂಗಳು ತಿಂಗಳೂ ನೋಡಬೇಕಾ?

ತಿಂಗಳದ್ದೇ ನೋಡಿದರೆ ಗಾಬರಿ ಆಗುತ್ತೆ. ಕೂಡುತ್ತಾ ಹೋಗಿ. ತಿಂಗಳಿಗೆ 1 ಅಂದ ಫೋರ್‌ಕಾಸ್ಟಿನ ಕೂಡಿದ ತಪ್ಪು ಮತ್ತು ಸೊನ್ನೆ ಅಂದದ್ದರ ಕೂಡಿದ ತಪ್ಪು ಹೀಗೆ ನಡೆಯುತ್ತವೆ:

```
1:   1   2  -1   0   1   2   1   2   3  -2  -1   0
0:   0   0  -4  -4  -4  -4  -6  -6  -6 -12 -12 -12
```

ಮೇಲಿನ ಸಾಲು ಸೊನ್ನೆಯ ಆಚೀಚೆ ಓಡಾಡಿಕೊಂಡು ವಾಪಸ್ ಬರುತ್ತದೆ. ಕೆಳಗಿನದು ಮೆಟ್ಟಿಲು ಇಳಿಯುತ್ತಲೇ ಹೋಗುತ್ತದೆ. ಬಯಾಸ್ ಇರುವ ಐಟಂ ಅಂದರೆ ಈ ಮೆಟ್ಟಿಲು.

ಕೂಡಿದ ತಪ್ಪನ್ನು ಚಿಹ್ನೆ ಬಿಟ್ಟು ತೆಗೆದ ಸರಾಸರಿ ತಪ್ಪಿನಿಂದ ಭಾಗಿಸಿದರೆ ಟ್ರ್ಯಾಕಿಂಗ್ ಸಿಗ್ನಲ್. ಸಾಮಾನ್ಯವಾಗಿ 4 ದಾಟಿದರೆ, ಪ್ಲಸ್ ಆಗಲಿ ಮೈನಸ್ ಆಗಲಿ, ನೋಡು ಅಂತಾರೆ. ವರ್ಷದ ಕೊನೆಗೆ ಮೇಲಿನದು 0, ಕೆಳಗಿನದು ಮೈನಸ್ 12.

ಇನ್ನೊಂದು ಉಪಾಯ ನನಗೆ ಇಷ್ಟ. ಈ ಸಾಲಿನ ಅಂಕೆಗಳನ್ನೇ ಮತ್ತೆ ಕೂಡಿಸಿ. ವಾಲ್‌ಸ್ಟ್ರೋಮ್ ಮತ್ತು ಸೆಗರ್‌ಸ್ಟೆಟ್ 2010ರಲ್ಲಿ ಇದಕ್ಕೆ ಪೀರಿಯಡ್ಸ್ ಇನ್ ಸ್ಟಾಕ್ ಅಂದರು. ಫೋರ್‌ಕಾಸ್ಟಿನಷ್ಟು ಮಾಲು ಪ್ರತಿ ತಿಂಗಳೂ ಬರುತ್ತೆ ಅಂದುಕೊಂಡರೆ, ಎಷ್ಟು ಕಿಟ್ ಎಷ್ಟು ತಿಂಗಳು ಶೆಲ್ಫಿನಲ್ಲಿ ಕೂತಿತು, ಅಥವಾ ಎಷ್ಟು ಗಿರಾಕಿಗಳು ಎಷ್ಟು ತಿಂಗಳು ಕಾದರು ಅನ್ನುವ ಲೆಕ್ಕ ಅದು. ಮೇಲಿನ ಸಾಲಿಗೆ ಪ್ಲಸ್ 8, ಕೆಳಗಿನದಕ್ಕೆ ಮೈನಸ್ 70. ಸ್ಟೋರ್ಸ್‌ನವರಿಗೆ ಶೇಕಡಾಗಿಂತ ಇದು ಬೇಗ ಅರ್ಥ ಆಗುತ್ತೆ.

ನಮ್ಮ ಒಟ್ಟು ಬಯಾಸ್ ಶೇ 2 ಮಾತ್ರ. ಚೆನ್ನಾಗಿದೆ ಅಲ್ವಾ?

ಗೊತ್ತಿಲ್ಲ, ಒಳಗೆ ನೋಡಬೇಕು. ಸೀಲ್ ಕಿಟ್ 20 ಕಮ್ಮಿ, ಬೇರಿಂಗ್ 20 ಜಾಸ್ತಿ ಆದರೆ ಒಟ್ಟು ಬಯಾಸ್ ಸೊನ್ನೆ. ಸೀಲ್ ಕೇಳಿ ಬಂದವರಿಗೆ ಬೇರಿಂಗ್ ಕೊಟ್ಟು ಕಳಿಸಲು ಆಗಲ್ಲ. ಐಟಂವಾರು ಬಯಾಸ್ ತೆಗೆದು, ಎಷ್ಟು ಐಟಂ ಮೆಟ್ಟಿಲು ಇಳಿಯುತ್ತಿವೆ, ಎಷ್ಟು ಹತ್ತುತ್ತಿವೆ ಎಂದು ಎಣಿಸಿ.

ತಿಂಗಳ ಲೆಕ್ಕ ಒಳ್ಳೆಯದಾ, ಮೂರು ತಿಂಗಳದ್ದಾ?

ಮಾಲು ಬರಲು ಎಷ್ಟು ದಿನ ಬೇಕೋ ಅಷ್ಟರ ಲೆಕ್ಕ. ಸೀಲ್ ಕಿಟ್ ಬರಲು ಮೂರು ತಿಂಗಳು ಬೇಕು ಅನ್ನಿ. ಆಗ ಅದು ಅಕ್ಟೋಬರ್‌ನಲ್ಲಿ ಹೋಯಿತೋ ನವೆಂಬರ್‌ನಲ್ಲಿ ಹೋಯಿತೋ ಎಂಬುದರಿಂದ ನಿಮ್ಮ ಆರ್ಡರ್ ಬದಲಾಗುವುದಿಲ್ಲ. ಮೂರು ಮೂರು ತಿಂಗಳು ಕೂಡಿಸಿದರೆ ಬೇಡಿಕೆ 4, 0, 2, 6. ಫೋರ್‌ಕಾಸ್ಟ್ 3, 3, 3, 3. ತಪ್ಪು 1, 3, 1, 3, ಒಟ್ಟು 8. ವೇಟೆಡ್ ಮೇಪ್ ಶೇ 67ಕ್ಕೆ ಇಳಿಯಿತು. ಸೊನ್ನೆ ಅಂದವನದು ಇನ್ನೂ ಶೇ 100, ತಿಂಗಳಿಗೆ 3 ಅಂದವನದು ಶೇ 200. ತಿಂಗಳ ಲೆಕ್ಕದಲ್ಲಿ ಮೋಸ ಮಾಡಿದ ಅದೇ ಅಳತೆ ಇಲ್ಲಿ ನಿಜ ಹೇಳಿತು. ಹೀಗೆ ಕೂಡಿಸಿದ ಮೇಲೂ ಅರ್ಧಕ್ಕಿಂತ ಜಾಸ್ತಿ ಸೊನ್ನೆ ಉಳಿದರೆ ಮಾತ್ರ ಹಳೆಯ ಗುಂಡಿ ಮತ್ತೆ ಬಾಯಿ ತೆರೆಯುತ್ತದೆ.

ದಿನದ ಲೆಕ್ಕ ಮಾಡುವವರಿಗೆ ಒಂದು ಪುಣೆಯ ಮಾತು. ಭೋಸರಿ, ಚಾಕಣ್ ಕಡೆ ಬಹಳಷ್ಟು ಕಾರ್ಖಾನೆಗಳಿಗೆ ಗುರುವಾರ ರಜೆ. ನಮ್ಮ ಒಬ್ಬ ಹೊಸ ಹುಡುಗ ದಿನದ ಡೇಟಾ ಹಾಕಿ, ಚೆನ್ನಾಗಿ ಓಡುವ ಐಟಂಗಳನ್ನೂ ಬಿಟ್ಟು ಬಿಟ್ಟು ಬರುವ ಪಟ್ಟಿಗೆ ಸೇರಿಸಿಬಿಟ್ಟಿದ್ದ. ನೋಡಿದರೆ ಗುರುವಾರಗಳು, ಗಣಪತಿ ರಜೆ ಎಲ್ಲ ಸೊನ್ನೆ ಅಂತ ಕೂತಿದ್ದವು. ಬಾಗಿಲು ಮುಚ್ಚಿದ ದಿನದ ಸೊನ್ನೆ ಬೇಡಿಕೆಯ ಸೊನ್ನೆ ಅಲ್ಲ.

ಇನ್ಯಾವ ಸೊನ್ನೆ ಸುಳ್ಳು ಹೇಳುತ್ತೆ?

ಸ್ಟಾಕ್ ಇಲ್ಲದ ತಿಂಗಳಿನದು. ಡೀಲರ್ 5 ಕೇಳಿದರು, ಶೆಲ್ಫ್ ಖಾಲಿ, ಬಿಲ್ ಆಗಲಿಲ್ಲ. ಸಿಸ್ಟಂನಲ್ಲಿ 0. ಈಗ ನಿಮ್ಮ ಫೋರ್‌ಕಾಸ್ಟ್ “ಜಾಸ್ತಿ” ಆಯಿತು ಅಂತ ಬಯಾಸ್ ಹೇಳುತ್ತೆ, ನೀವು ಇನ್ನೂ ಇಳಿಸುತ್ತೀರಿ, ಶೆಲ್ಫ್ ಇನ್ನೂ ಖಾಲಿ. ಇದನ್ನು ಪತ್ತೆ ಹಚ್ಚಲು, ಬೇಡಿಕೆ ಸೊನ್ನೆ ಇರುವ ತಿಂಗಳುಗಳ ಪಕ್ಕದಲ್ಲಿ ಆ ತಿಂಗಳ ಆರಂಭದ ಸ್ಟಾಕ್ ಬರೆಯಿರಿ. ಎರಡೂ ಸೊನ್ನೆ ಇದ್ದರೆ ಆ ತಿಂಗಳನ್ನು ಅಳತೆಯಿಂದ ಹೊರಗಿಡಿ. ಬಿಲ್ಲಿನ ತಾರೀಖು ಬಿಟ್ಟು ಆರ್ಡರ್ ಬಂದ ತಾರೀಖಿನಿಂದ ಡೇಟಾ ಎಳೆದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ಸಾಫ್ಟ್‌ವೇರ್ 0.95 ಕಿಟ್ ಅನ್ನುತ್ತೆ. 0.95 ಕಿಟ್ ಯಾರು ಕೊಳ್ತಾರೆ?

ಯಾರೂ ಕೊಳ್ಳಲ್ಲ. ಅದು ತಿಂಗಳಿಗೆ ಇಷ್ಟರಂತೆ ಹೋಗುತ್ತೆ ಎಂಬ ದರ. ಕ್ರಾಸ್ಟನ್ 1972ರಲ್ಲಿ ಕೊಟ್ಟ ವಿಧಾನದಲ್ಲಿ, ಬಂದಾಗ ಬರುವ ಪ್ರಮಾಣವನ್ನು ಎಷ್ಟು ತಿಂಗಳಿಗೊಮ್ಮೆ ಬರುತ್ತೆ ಎಂಬುದರಿಂದ ಭಾಗಿಸುತ್ತಾರೆ: 4 ಭಾಗಿಸು 4, ಅಂದರೆ 1. ಅದು ಸ್ವಲ್ಪ ಹೆಚ್ಚಿಗೆ ಹೇಳುತ್ತದೆ ಅಂತ ಆಮೇಲೆ ಗೊತ್ತಾಗಿ, ಸಿಂಟೆಟೋಸ್ ಮತ್ತು ಬಾಯ್ಲನ್ ಸ್ಮೂದಿಂಗ್ ಅಂಕೆಯ, ಅಂದರೆ ಹೊಸದಾಗಿ ಬಂದ ಬೇಡಿಕೆಗೆ ಎಷ್ಟು ತೂಕ ಕೊಡುತ್ತೇವೋ ಅದರ, ಅರ್ಧದಷ್ಟು ಕಡಿತ ಹಾಕಿದರು. ಸ್ಮೂದಿಂಗ್ 0.1 ಇದ್ದರೆ ಶೇ 5 ಕಡಿತ, ಅದೇ ನಿಮ್ಮ 0.95. ಅದನ್ನು ರೌಂಡ್ ಮಾಡಬೇಡಿ. 0.4 ಇರುವ ಐಟಂಗಳನ್ನು ರೌಂಡ್ ಮಾಡಿದರೆ ಎಲ್ಲ ಸೊನ್ನೆ ಆಗಿ, ಬಯಾಸ್ ನೀವೇ ಕೈಯಾರೆ ತಂದುಕೊಂಡಂತೆ.

ಕ್ರಾಸ್ಟನ್ ವಿಧಾನದ ಇನ್ನೊಂದು ಗುಣ ಗೊತ್ತಿರಲಿ. ಬೇಡಿಕೆ ಬಂದಾಗ ಮಾತ್ರ ಅದು ತನ್ನ ಅಂಕೆ ತಿದ್ದುತ್ತದೆ. ಆ ಪಂಪ್ ಮಾಡೆಲ್ ನಿಂತೇ ಹೋಗಿ ಯಾರೂ ಕೇಳದಿದ್ದರೆ, ವರ್ಷಗಟ್ಟಲೆ ಅದೇ 0.95 ಹೇಳುತ್ತಾ ಇರುತ್ತದೆ. ಕೂಡಿದ ತಪ್ಪಿನ ಸಾಲಿನಲ್ಲಿ ಇದು ತಿಂಗಳಿಗೆ ಸರಿಯಾಗಿ 0.95ರಂತೆ, ಒಮ್ಮೆಯೂ ಇಳಿಯದೆ ಏರುವ ಗೆರೆಯಾಗಿ ಕಾಣುತ್ತದೆ. ಅಷ್ಟು ನೆಟ್ಟಗಿನ ಗೆರೆ ಕಂಡರೆ ಸರ್ವಿಸ್‌ನವರಿಗೆ ಒಂದು ಫೋನ್ ಮಾಡಿ.

ಬಯಾಸ್ ಸೊನ್ನೆ, ಆರ್‌ಎಂಎಸ್‌ಎಸ್‌ಇ ಕಮ್ಮಿ. ಇನ್ನು ಸ್ಟಾಕ್ ಖಾಲಿ ಆಗಲ್ಲ ಅಲ್ವಾ?

ಆಗಬಹುದು. ಮೂರು ತಿಂಗಳಿಗೆ 3 ಅನ್ನುವುದು ಸರಾಸರಿ, ಕೊನೆಯ ಮೂರು ತಿಂಗಳಲ್ಲಿ ಹೋಗಿದ್ದು 6. ಪ್ರತಿ ಮೂರು ತಿಂಗಳ ಆರಂಭಕ್ಕೆ ಶೆಲ್ಫಿನಲ್ಲಿ 4 ಇರುವಂತೆ ನೋಡಿಕೊಂಡಿದ್ದರೆ ವರ್ಷಕ್ಕೆ 12ರಲ್ಲಿ 10 ಕೊಡಬಹುದಿತ್ತು, ಅಂದರೆ ಶೇ 83. 6 ಇಟ್ಟಿದ್ದರೆ ಎಲ್ಲವೂ. ಆ ಹೆಚ್ಚಿನ 2 ಕಿಟ್‌ನ ದುಡ್ಡು ಕಟ್ಟಿಹಾಕಬೇಕಾ, ಆ 2 ಗಿರಾಕಿಗಳನ್ನು ಕಾಯಿಸಬೇಕಾ ಎಂಬುದನ್ನು ಯಾವ ಅಳತೆಯೂ ಹೇಳುವುದಿಲ್ಲ. ಅದಕ್ಕೇ ನಾನು ರಿವ್ಯೂಗೆ ಹೋಗುವಾಗ ಬಯಾಸ್ ಪಕ್ಕದಲ್ಲಿ ಈ ಎರಡು ಅಂಕೆಯನ್ನೂ ಬರೆದುಕೊಂಡು ಹೋಗುತ್ತೇನೆ: ಕೇಳಿದ್ದರಲ್ಲಿ ಎಷ್ಟು ಕೊಟ್ಟೆವು, ಶೆಲ್ಫಿನಲ್ಲಿ ಎಷ್ಟು ರೂಪಾಯಿ ಕೂತಿದೆ. ಸಾಹೇಬರು ಮೊದಲು ನೋಡುವುದು ಎರಡನೆಯದನ್ನು. ಸಾತಾರಾದ ಡೀಲರ್ ಕೇಳುವುದು ಮೊದಲನೆಯದನ್ನು.